ಚಪ್ಪಡಿಯ ಹೊಟ್ಟೆ

ಮೂರನೆಯ ಕಾಂಕ್ರೀಟ್ ಚಪ್ಪಡಿ ಲಾರಿಯ ಮೇಲೆ ಕೂತ ಮೇಲೆ ಅವನು ಕ್ರೇನಿನ ಹಿಡಿಕೆಗಳನ್ನು ಬಿಟ್ಟು ಹಿಂದಿನ ಚಕ್ರದ ಹತ್ತಿರ ಬಂದು ಬಗ್ಗಿದ. ಚಕ್ರಕ್ಕೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಬಲಗೈ ಮುಷ್ಟಿ ತೂರಿಸಿದ. ಗೆಣ್ಣುಗಳು ತಗಡಿಗೆ ತಾಗಿದವು. ಮುಷ್ಟಿ ಹೋಯಿತು, ಆದರೆ ಬಿಗಿಯಾಗಿ.

ಈ ಅಭ್ಯಾಸದಿಂದಲೇ ಯಾರ್ಡಿನವರೆಲ್ಲ ಅವನನ್ನು ಮುಷ್ಟಿ ಅಂತ ಕರೆಯುತ್ತಿದ್ದರು. ಕ್ರೇನು ಕೂಡಿಸಿದ ಈ ಹಳೇ ಲಾರಿ ಅವನದೇ. ಒಂಬತ್ತು ಟನ್ನು ಹೊರುವ ಗಾಡಿ. ಎಷ್ಟು ತೂಕಕ್ಕೆ ಎಷ್ಟು ಕೂರುತ್ತದೆ ಅನ್ನುವುದು ಅವನ ಕೈಗೆ ಗೊತ್ತು. ಖಾಲಿ ಇದ್ದಾಗ ಮುಷ್ಟಿಯ ಮೇಲೆ ಮುಷ್ಟಿ ಇಡುವಷ್ಟು ಜಾಗ. ಎರಡು ಟನ್ನಿನ ಚಪ್ಪಡಿ ನಾಲ್ಕು ಹೇರಿದರೆ ಒಂದೇ ಮುಷ್ಟಿ, ಅದೂ ಬಿಗಿಯಾಗಿ. ಇವತ್ತು ನಾಲ್ಕನೆಯದು ಇನ್ನೂ ನೆಲದ ಮೇಲೇ ಇದೆ.

"ಏನು ಮುಷ್ಟಿಯಣ್ಣ, ಚಕ್ರಕ್ಕೆ ನಾಡಿ ನೋಡ್ತಿದೀಯಾ?" ಅಂದ ಸರಪಳಿ ಸಿಕ್ಕಿಸುವವನು. ಅವನು ನಾಲ್ಕನೆಯ ಚಪ್ಪಡಿಯ ಮೇಲೆ ಆಗಲೇ ಹತ್ತಿ ನಿಂತು, ನಾಲ್ಕು ಮೂಲೆಯ ಕಬ್ಬಿಣದ ಬಳೆಗಳಿಗೆ ಕೊಕ್ಕೆ ಹಾಕಲು ಕಾಯುತ್ತಿದ್ದ.

"ಇಳಿ ಸ್ವಲ್ಪ. ಇದನ್ನ ಈಗ್ಲೇ ಎತ್ತಲ್ಲ."

ಅಂದದ್ದೇನೋ ಅಂದ. ಅಂದ ಕೂಡಲೇ ಯಾರಾದರೂ ಕೇಳಿಸಿಕೊಂಡರೋ ಅಂತ ಸುತ್ತ ನೋಡಿದ. ಯಾಕೆಂದರೆ ಚಪ್ಪಡಿ ಹೊಯ್ಯುವ ಈ ಯಾರ್ಡು ಅವನ ಬಾವನದು.

ವರ್ಷದ ಹಿಂದೆಯೂ ಅವನು ಹೀಗೇ 'ಎತ್ತಲ್ಲ' ಅಂದಿದ್ದ. ಆವತ್ತು ತಲೆಯ ಮೇಲೆ ಕರೆಂಟಿನ ತಂತಿ ಇತ್ತು. ಬಾವ ಬೇರೆ ಕ್ರೇನು ತರಿಸಿದರು, ಅದು ತಂತಿಗೆ ತಾಗದೆ ಕೆಲಸ ಮುಗಿಸಿತು. ಆಮೇಲೆ ನೆಂಟರೆಲ್ಲ ಸೇರಿದ್ದ ಕಡೆ ಬಾವ, "ನನ್ನ ಭಾಮೈದನಿಗೆ ಕ್ರೇನಿಗಿಂತ ಕೈಗಾಡಿ ವಾಸಿ" ಅಂದರು. ಎಲ್ಲರೂ ನಕ್ಕರು. ಇವನು ಊಟದ ಮಧ್ಯೆ ಎದ್ದ. ಅಲ್ಲಿಂದ ಮಾತು ನಿಂತಿತು. ಅಕ್ಕನ ಮನೆಗೆ ಹೋಗುವುದು ನಿಂತಿತು. ದೊಡ್ಡವರ ಜಗಳದ ಭಾರ ಬಿದ್ದದ್ದು ಅವನ ಮಗಳ ಮೇಲೆ. ಅಕ್ಕನ ಮಗಳೂ ಇವಳೂ ಒಂದೇ ವಯಸ್ಸಿನವರು, ಒಂದೇ ತಟ್ಟೆಯಲ್ಲಿ ತಿಂದು ಬೆಳೆದವರು. "ಅಪ್ಪಾ, ಇವತ್ತು ಅತ್ತೆ ಮನೆಗೆ ಹೋಗ್ಲಾ?" ಅಂತ ಕೇಳಿ ಕೇಳಿ ಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು. ಕೇಳುತ್ತಿದ್ದುದಕ್ಕಿಂತ ಕೇಳದೆ ಇದ್ದದ್ದು ಅವನಿಗೆ ಹೆಚ್ಚು ಕುಟುಕುತ್ತಿತ್ತು.

ಅಕ್ಕ ಗಂಡನ ಕಿವಿ ಹಿಂಡಿ, ತಮ್ಮನಿಗೆ ಫೋನು ಮಾಡಿ, ಅಂತೂ ಈ ಕೆಲಸ ಕೊಡಿಸಿದ್ದಳು. ಹಾಸ್ಟೆಲೊಂದರ ಕೊಳಚೆ ನೀರಿನ ತೊಟ್ಟಿ, ನಾಲ್ಕು ಕೋಣೆ, ನಾಲ್ಕು ಮುಚ್ಚಳ. ಒಂದು ಬೆಳಗಿನ ಕೆಲಸ. "ಸುಮ್ನೆ ಎತ್ತಿ ಇಟ್ಟು ಬಾ. ವಾದ ಬೇಡ," ಅಂದಿದ್ದಳು. ಇವನೂ ಬೇಡ ಅಂದುಕೊಂಡೇ ಬಂದಿದ್ದ.

ಬಾವ ಮರಳ ರಾಶಿಯ ಕಡೆಯಿಂದ ಬಂದರು. ಹೊಟ್ಟೆ ಮುಂದೆ, ಅವರು ಹಿಂದೆ. "ಯಾಕೆ ನಿಂತಿತು?"

"ಗಾಡಿ ಜಾಸ್ತಿ ಕೂತಿದೆ ಬಾವ. ಮೂರಕ್ಕೇ ನಾಲ್ಕರಷ್ಟು ಕೂತಿದೆ."

"ಸ್ಪ್ರಿಂಗ್ ಪಟ್ಟಿ ಸೋತಿರ್ಬೇಕು. ಗಾಡಿಗೂ ವಯಸ್ಸಾಗಲ್ವಾ?"

"ಮೊನ್ನೆ ಜಲ್ಲಿ ಹೇರಿದ್ದೆ. ತೂಕದ ಚೀಟಿ ಇತ್ತು, ಎಂಟು ಟನ್ನು. ಸರಿಯಾಗೇ ಕೂತಿತ್ತು."

"ನೋಡಪ್ಪಾ," ಬಾವನ ದನಿ ನಿಧಾನವಾಯಿತು. ಅವರ ದನಿ ಏರಿದಾಗ ಹೆದರಬೇಕಿಲ್ಲ, ನಿಧಾನವಾದಾಗ ಹುಷಾರಾಗಿರಬೇಕು. "ಇದು ಎರಡು ಟನ್ನಿನ ಸ್ಲ್ಯಾಬು. ಈ ಅಚ್ಚು ಮಾಡಿಸಿದ್ದು ನಾನು. ಇದರಲ್ಲಿ ಎಷ್ಟು ಹೊಯ್ದಿದೀನೋ ನನಗೇ ಲೆಕ್ಕ ಇಲ್ಲ. ನಾಲ್ಕೆರಡ್ಲಿ ಎಂಟು. ಒಂಬತ್ತು ಹೊರೋ ಗಾಡಿ. ಇದರಲ್ಲಿ ನಿಂಗೆ ಏನು ಗಂಟು ಕಾಣ್ತಿದೆ?"

ಯಾರ್ಡಿನ ಪದ್ಧತಿಯೇ ಹಾಗೆ. ಅಲ್ಲಿ ಯಾರೂ ಚಪ್ಪಡಿಯನ್ನು ಅಳತೆಯಿಂದ ಕರೆಯುತ್ತಿರಲಿಲ್ಲ. ಚರಂಡಿಯದು 'ಅರ್ಧ ಟನ್ನು', ಗೇಟಿನ ಮುಂದಿನದು 'ಒಂದು ಟನ್ನು', ಈ ದೊಡ್ಡದು 'ಎರಡು ಟನ್ನು'. ಎರಡು ಟನ್ನಿಗೆ ನೀರು ಹೊಡೆದೆಯಾ, ಎರಡು ಟನ್ನಿನ ಅಚ್ಚಿಗೆ ಎಣ್ಣೆ ಹಚ್ಚು ಅಂತಲೇ ಮಾತು. ಮಕ್ಕಳಿಗೆ ಇಟ್ಟ ಹೆಸರಿನಂತೆ ಅದು. ಒಮ್ಮೆ ಇಟ್ಟ ಮೇಲೆ ಯಾರೂ ಮತ್ತೆ ತೂಗಿ ನೋಡುವುದಿಲ್ಲ.

"ಒಂದ್ಸಲ ಅಳೆದು ಬಿಡೋಣ ಬಾವ. ಟೇಪು ಇದೆ."

ಬಾವ ಅವನ ಮುಖವನ್ನೇ ನೋಡಿದರು. "ನನ್ನ ಮಾತಿಗಿಂತ ಟೇಪು ದೊಡ್ಡದಾಯ್ತಾ?"

ಕೊಕ್ಕೆಯವನು ಚಪ್ಪಡಿಯಿಂದ ಇಳಿದು ಎತ್ತಲೋ ನೋಡುತ್ತಾ ನಿಂತ. ಅಷ್ಟರಲ್ಲಿ ಆಫೀಸಿನ ತಗಡಿನ ಕೋಣೆಯಿಂದ ಅಕ್ಕ ಹೊರಗೆ ಬಂದಳು. ಲಾರಿ ಹೊರಡುವ ಸದ್ದು ಕೇಳದೆ ಇದ್ದಾಗಲೇ ಅವಳಿಗೆ ವಾಸನೆ ಬಡಿದಿರಬೇಕು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ಕುಡಿದ ಕಾಫಿ ಲೋಟ.

"ಶುರುವಾಯ್ತಾ?" ಅಂದಳು ಇಬ್ಬರನ್ನೂ ನೋಡಿ.

"ನಿನ್ನ ತಮ್ಮನಿಗೆ ಎರಡು ಟನ್ನು ಎರಡು ಟನ್ನೇನಾ ಅಂತ ಅನುಮಾನ."

"ಅಳೆದರೆ ಸ್ಲ್ಯಾಬೇನು ಸವೆಯತ್ತಾ? ಅಳೀಲಿ ಬಿಡಿ."

ಅಳೆದರು. ಉದ್ದ ಮೂರು ಮೀಟರು. ಅಗಲ ಒಂದು ಮೀಟರು ಎಂಬತ್ತು. ಬಾವ ತಾವೇ ಟೇಪಿನ ತುದಿ ಕಿತ್ತುಕೊಂಡು ಅಂಚಿನ ದಪ್ಪ ನೋಡಿದರು. ಹದಿನೈದು ಸೆಂಟಿಮೀಟರು, ಕೂದಲೆಳೆ ಆಚೆ ಈಚೆ ಇಲ್ಲ. ಅಕ್ಕ ಫೋನಿನಲ್ಲಿ ಗುಣಿಸಿದಳು. "ಮೂರು ಇಂಟು ಒಂದು ಪಾಯಿಂಟ್ ಎಂಟು, ಐದು ಪಾಯಿಂಟ್ ನಾಲ್ಕು. ಅದನ್ನ ಸೊನ್ನೆ ಪಾಯಿಂಟ್ ಒಂದು ಐದರಿಂದ... ಸೊನ್ನೆ ಪಾಯಿಂಟ್ ಎಂಟು ಒಂದು. ಒಂದು ಘನ ಮೀಟರಿಗೆ ಎಷ್ಟು ಹಿಡೀಬೇಕು?"

"ಎರಡು ಸಾವಿರದ ಐನೂರು ಕೆಜಿ," ಅಂದರು ಬಾವ. "ಒಳಗಿನ ಕಬ್ಬಿಣ ಎಲ್ಲ ಸೇರಿ."

"ಹಾಗಾದ್ರೆ ಎರಡು ಸಾವಿರದ ಇಪ್ಪತ್ತೈದು."

"ಆಯ್ತಲ್ಲ?" ಬಾವ ಟೇಪನ್ನು ಬಿಟ್ಟರು. ಅದು ಸರಕ್ಕನೆ ಡಬ್ಬಿಯೊಳಗೆ ಓಡಿತು. "ಎರಡು ಟನ್ನು. ಇನ್ನೇನು, ತಕ್ಕಡಿ ತರಿಸ್ಲಾ?"

ಮುಷ್ಟಿ ಮತ್ತೆ ಹಿಂದಿನ ಚಕ್ರ ನೋಡಿದ. ಲೆಕ್ಕ ಸರಿ ಇತ್ತು. ಟೇಪು ಸುಳ್ಳು ಹೇಳುವುದಿಲ್ಲ. ಆದರೆ ಚಕ್ರವೂ ಸುಳ್ಳು ಹೇಳುವುದಿಲ್ಲ. ಬೆಳಗ್ಗೆ ಮೊದಲನೆಯದನ್ನು ಎತ್ತುವಾಗಲೇ ಇಂಜಿನ್ನು ಸ್ವಲ್ಪ ಮುಕ್ಕಿರಿದದ್ದು ಈಗ ನೆನಪಾಯಿತು. ಹತ್ತಿರದಿಂದ ಎತ್ತುತ್ತಿದ್ದರಿಂದ ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಚಪ್ಪಡಿ ಗಾಳಿಯಲ್ಲಿ ತೂಗುತ್ತಾ ಬಂದಾಗ ಅದರ ಅಡಿಭಾಗ ಕಂಡಿತ್ತು. ಅಲ್ಲಿ ಏನೋ ಇತ್ತಲ್ಲ. ಇವನೂ ನೋಡಿದ್ದ. ನೋಡಿ, ನೀಟಾಗಿ ಹೊಯ್ದಿದ್ದಾರೆ ಅಂದುಕೊಂಡಿದ್ದ.

ಅವನು ನಾಲ್ಕನೆಯ ಚಪ್ಪಡಿಯ ಪಕ್ಕ ಮಂಡಿಯೂರಿ, ಅಂಚಿನ ಅಡಿಗೆ ಕೈ ಹಾಕಿದ. ಒಂದು ಗೇಣಿಗಿಂತ ಕಡಮೆ ಒಳಗೆ ಹೋದಾಗ ಬೆರಳು ಮತ್ತೊಂದು ಗೋಡೆಗೆ ತಾಗಿತು.

"ಬಾವ, ಈ ಹೊಟ್ಟೆ?"

"ಯಾವ ಹೊಟ್ಟೆ?" ಅಂದವರು ತಡೆಯಲಾರದೆ ತಮ್ಮದನ್ನೊಮ್ಮೆ ನೋಡಿಕೊಂಡರು.

"ಕೆಳಗೆ ಇಳಿದಿದೆಯಲ್ಲ, ಇದು."

"ಓ, ಅದಾ. ಹಾಸ್ಟೆಲಿನವರು ಕೇಳಿದ್ದು. ಹಳೇ ಮುಚ್ಚಳ ಜಾರ್ತಿತ್ತಂತೆ. ಅದಕ್ಕೆ ನಡುವೆ ಐದು ಸೆಂಟಿಮೀಟರು ಇಳಿಸಿ ಕೊಟ್ಟೆ. ಕೋಣೆಯ ಬಾಯೊಳಗೆ ಬಿರಡೆ ತರ ಕೂರತ್ತೆ, ಆಮೇಲೆ ಅಲ್ಲಾಡಲ್ಲ. ಐದು ಸೆಂಟಿಮೀಟರು ಕಣೋ. ಎರಡು ಇಂಚು. ಅದಕ್ಕೇನು ತೂಕ?"

"ಎರಡು ಇಂಚು ಹೊಟ್ಟೆಗೆ ಏನು ತೂಕ ಅಂತ ನನ್ನ ಕೇಳಿ," ಅಂದಳು ಅಕ್ಕ ಕಾಫಿ ಗುಟುಕರಿಸುತ್ತಾ. "ಮನೇಲಿ ಮಂಚ ಹೇಳತ್ತೆ."

ಕೊಕ್ಕೆಯವನು ತಿರುಗಿ ನಿಂತು ಕೆಮ್ಮಿದ. ಬಾವನ ಕಿವಿ ಕೆಂಪಾಯಿತು. ಮುಷ್ಟಿ ನಗಲಿಲ್ಲ. ಈಗ ನಕ್ಕರೆ ಕೆಲಸ ಕೆಡುತ್ತದೆ ಅನ್ನುವಷ್ಟು ಬುದ್ಧಿ ಆ ಒಂದು ವರ್ಷದಲ್ಲಿ ಬಂದಿತ್ತು.

"ನಾನೂ ನೋಡಿದ್ದೆ ಬಾವ. ಮೂರು ಸಲ ಎತ್ತುವಾಗ್ಲೂ ನೋಡಿದೆ. ಲೆಕ್ಕಕ್ಕೆ ತಗೋಬೇಕು ಅನ್ನಿಸಲೇ ಇಲ್ಲ. ಅಂಚು ಬಿಟ್ಟು ಒಳಗೆ ಎಷ್ಟಿದೆ ಇದು?"

"ಸುತ್ತ ಹತ್ತು ಹತ್ತು ಸೆಂಟಿಮೀಟರು ಬಿಟ್ಟಿದೀನಿ, ಗೋಡೆ ಮೇಲೆ ಕೂರೋಕೆ," ಅಂದರು ಬಾವ, ಒಲ್ಲದ ಮನಸ್ಸಿನಿಂದ.

"ಹಾಗಾದ್ರೆ ಉದ್ದ ಎರಡು ಎಂಬತ್ತು, ಅಗಲ ಒಂದು ಅರವತ್ತು. ಅಕ್ಕಾ, ಅದನ್ನೂ ಗುಣಿಸು. ದಪ್ಪ ಐದು ಸೆಂಟಿಮೀಟರು."

ಅಕ್ಕ ಲೋಟವನ್ನು ಚಪ್ಪಡಿಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿದಳು. "ಸೊನ್ನೆ ಪಾಯಿಂಟ್ ಎರಡು ಎರಡು ನಾಲ್ಕು. ಇಂಟು ಎರಡು ಸಾವಿರದ ಐನೂರು..." ನಿಲ್ಲಿಸಿದಳು. ಮತ್ತೆ ಮೊದಲಿಂದ ಒತ್ತಿದಳು. "ಐನೂರ ಅರವತ್ತು."

"ಐವತ್ತಾರು ಇರ್ಬೇಕು," ಅಂದರು ಬಾವ.

"ಐನೂರ ಅರವತ್ತು ಕೆಜಿ. ಬೇಕಾದ್ರೆ ನೀವೇ ಒತ್ತಿ."

ಬಾವ ಫೋನು ತೆಗೆದುಕೊಂಡು ತಾವೇ ಒತ್ತಿದರು. ಆಮೇಲೆ ಅದನ್ನು ಹಿಂದಕ್ಕೆ ಕೊಡದೆ ಹಾಗೇ ಹಿಡಿದು ನಿಂತರು. ಎರಡು ಇಂಚು ಅಂದರೆ ಬೆರಳ ಸಂದಿಯಲ್ಲಿ ಹಿಡಿದು ತೋರಿಸುವಷ್ಟು. ಆದರೆ ಆ ಎರಡು ಇಂಚು ಒಂದು ಕೋಣೆಯ ಬಾಯಿಯಷ್ಟು ಅಗಲಕ್ಕೆ ಹರಡಿತ್ತು. ತೆಳ್ಳಗಿನದು ಹಗುರ ಅಂತ ಕಣ್ಣು ನಂಬುತ್ತದೆ. ಹರಡಿದ್ದನ್ನು ಅದು ಕೂಡಿಸುವುದಿಲ್ಲ.

"ಒಂದಕ್ಕೆ ಎರಡು ಸಾವಿರದ ಐನೂರ ಎಂಬತ್ತೈದು," ಅಂದಳು ಅಕ್ಕ. "ನಾಲ್ಕಕ್ಕೆ ಹತ್ತು ಟನ್ನಿನ ಮೇಲೆ ಮುನ್ನೂರ ನಲವತ್ತು ಕೆಜಿ."

ಒಂಬತ್ತು ಹೊರುವ ಗಾಡಿ.

"ಮೂರಾದ್ರೆ ಏಳೂ ಮುಕ್ಕಾಲು ಟನ್ನು," ಅಂದ ಮುಷ್ಟಿ. "ಅದು ನಿಶ್ಚಿಂತೆ. ಇದನ್ನ ಎರಡನೇ ಸುತ್ತಲ್ಲಿ ತರ್ತೀನಿ."

ಬಾವ ಫೋನನ್ನು ಹೆಂಡತಿಯ ಕೈಗಿಟ್ಟರು. "ಸರಿ. ಎರಡು ಸುತ್ತು ಹೊಡಿ," ಅಂದು ಮರಳ ರಾಶಿಯ ಕಡೆ ನಡೆದರು. ಒಪ್ಪಿದರೋ ಮುನಿದರೋ ಬೆನ್ನು ನೋಡಿ ಹೇಳುವಂತಿರಲಿಲ್ಲ. ಅಕ್ಕ ತಮ್ಮನನ್ನು ನೋಡಿ ಹುಬ್ಬು ಹಾರಿಸಿದಳು. ಅವನು ತಲೆ ಅಲ್ಲಾಡಿಸಿದ. ನಿಜವಾದ ತೊಡಕು ಇನ್ನೂ ಬಂದಿರಲಿಲ್ಲ. ಅದು ಅವನೊಬ್ಬನಿಗೇ ಗೊತ್ತಿತ್ತು.

ತೊಡಕು ಕ್ರೇನಿನ ಬುಡದಲ್ಲಿ ಅಂಟಿಸಿದ್ದ ತಗಡಿನ ಹಲಗೆಯಲ್ಲಿತ್ತು. ಕ್ರೇನಿನ ಕೈ ಎಷ್ಟು ದೂರ ಚಾಚಿದರೆ ಎಷ್ಟು ಎತ್ತಬಹುದು ಅನ್ನುವುದು ಅದರಲ್ಲಿದೆ. ಮೂರು ಮೀಟರಿಗೆ ಐದೂವರೆ ಟನ್ನಿನ ಮೇಲೆ. ಐದಕ್ಕೆ ಮೂರು ಟನ್ನು ನಾನೂರು ಕೆಜಿ. ಆರಕ್ಕೆ ಎರಡು ಟನ್ನು ಎಂಟುನೂರು. ಏಳಕ್ಕೆ ಎರಡು ಟನ್ನು ನಾನೂರು. ದೂರ ಹೋದಷ್ಟೂ ಕೈ ಸೋಲುತ್ತದೆ. ತುಂಬಿದ ಕೊಡವನ್ನು ಎದೆಗೊತ್ತಿ ಹಿಡಿಯುವುದಕ್ಕೂ ತೋಳು ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಅದು. ಮಿತಿ ಮೀರಿದರೆ ಕೂಗುವ ಗಂಟೆ ಈ ಹಳೇ ಕ್ರೇನಿಗೆ ಇಲ್ಲ. ಹಲಗೆಯನ್ನು ಓದಬೇಕು, ಅದರ ಮಾತು ಕೇಳಬೇಕು.

ಹಿಂದಿನ ದಿನವೇ ಅವನು ಹಾಸ್ಟೆಲಿನ ಹಿತ್ತಿಲಿಗೆ ಹೋಗಿ ಜಾಗ ನೋಡಿ ಬಂದಿದ್ದ. ಲಾರಿ ನಿಲ್ಲುವ ಕಡೆಯಿಂದ ಮೂರು ಕೋಣೆಗಳು ಆರು ಮೀಟರಿನ ಒಳಗೆ. ನಾಲ್ಕನೆಯದು ಮೂಲೆಯಲ್ಲಿ, ಏಳು ಮೀಟರಿಗೆ. ಎರಡು ಟನ್ನಿನ ಚಪ್ಪಡಿಯಾಗಿದ್ದರೆ, ಸರಪಳಿ ಕೊಕ್ಕೆಗಳ ಎಪ್ಪತ್ತೈದು ಕೆಜಿ ಸೇರಿಸಿದರೂ ಏಳಕ್ಕೆ ಆರಾಮ. ಈ ಹೊಟ್ಟೆಯದು ಸರಪಳಿ ಸೇರಿ ಎರಡು ಸಾವಿರದ ಆರುನೂರ ಅರವತ್ತು. ಆರಕ್ಕೆ ಆಗುತ್ತದೆ. ಏಳಕ್ಕೆ ಇಲ್ಲ.

ಹಾಸ್ಟೆಲಿನಲ್ಲಿ ಮೊದಲ ಮೂರು ಚಪ್ಪಡಿಗಳು ತಕರಾರಿಲ್ಲದೆ ಕೂತವು. ಕೆಳಗಿನ ಹೊಟ್ಟೆ ಕೋಣೆಯ ಬಾಯೊಳಗೆ ಇಳಿದು, ಅಂಚು ಗೋಡೆಯ ಮೇಲೆ ಮಲಗಿದಾಗ ಡಬ್ಬಿಗೆ ಮುಚ್ಚಳ ಹಾಕಿದ ಸದ್ದಾಯಿತು. ಬಾವ ಎರಡನೆಯ ಸುತ್ತಿನಲ್ಲಿ ಲಾರಿಯಲ್ಲೇ ಪಕ್ಕದಲ್ಲಿ ಕೂತು ಬಂದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದರು. ಹಾಸ್ಟೆಲಿನ ಗೇಟು ದಾಟಿದ ಮೇಲೆ ಮುಷ್ಟಿ ಹೇಳಿದ.

"ಬಾವ, ಇದನ್ನ ಈ ಕಡೆಯಿಂದ ಮೂಲೆಗೆ ಚಾಚೋಕಾಗಲ್ಲ. ಎರಡು ನಾನೂರರ ಜಾಗಕ್ಕೆ ಎರಡು ಆರುನೂರರ ಮೇಲೆ ಆಗ್ತಿದೆ."

ಇಂಜಿನ್ನು ನಿಂತ ಮೇಲೆ ಬಾವ ಕೆಳಗಿಳಿದು ಮೂಲೆಯ ಕಡೆ ನೋಡಿದರು. ಆಮೇಲೆ, "ಇನ್ನೂರು ಮುನ್ನೂರು ಕೆಜಿಗೆ ಕ್ರೇನು ಬೀಳತ್ತಾ?" ಅಂದರು.

"ಬೀಳ್ದೇನೂ ಇರಬಹುದು."

"ಮತ್ತೆ?"

"ಬಿದ್ದರೆ ಆ ಕಡೆ ಬೀಳತ್ತೆ." ಕೈ ತೋರಿಸಿದ. ಮೂಲೆಯ ಕೋಣೆಯ ಹಿಂದೆ ಹಾಸ್ಟೆಲಿನ ಅಡಿಗೆಮನೆಯ ಗೋಡೆ. ಕಿಟಕಿಯಲ್ಲಿ ಒಬ್ಬಳು ಪಾತ್ರೆ ತೊಳೆಯುತ್ತಾ ಇವರನ್ನೇ ನೋಡುತ್ತಿದ್ದಳು. ಕೊಕ್ಕೆಯವನು ಆಗಲೇ ಕೋಣೆಯ ಅಂಚಿನಲ್ಲಿ, ಚಪ್ಪಡಿಗೆ ದಾರಿ ತೋರಿಸಲು ಹಗ್ಗ ಹಿಡಿದು ನಿಂತಿದ್ದ. "ನಾನು ಮತ್ತೆ ಎತ್ತಲ್ಲ ಅಂತಿದೀನಿ ಅಂದ್ಕೋಬೇಡಿ. ಎತ್ತುತೀನಿ. ಇಲ್ಲಿಂದ ಎತ್ತಲ್ಲ, ಅಷ್ಟೇ."

ಈ ಮಾತು ಆಡಿ ಅವನು ಕಾದ. ಹೋದ ಸಲ ಇಷ್ಟು ಹೇಳಿರಲಿಲ್ಲ. 'ಎತ್ತಲ್ಲ' ಅಂದು ಗಾಡಿಯ ಕೀಲಿ ಎತ್ತಿಕೊಂಡು ಹೋಗಿದ್ದ. ಆಮೇಲೆ ಬಂದ ಕ್ರೇನು ಏನು ಮಾಡಿತು ಅಂತ ಬೇರೆಯವರ ಬಾಯಿಂದ ಕೇಳಿದ್ದ. ಅದು ರಸ್ತೆಯ ಆ ಕಡೆ ನಿಂತು ತಂತಿಯಿಂದ ದೂರದಲ್ಲಿ ಎತ್ತಿತ್ತು.

"ಎಲ್ಲಿಂದ ಎತ್ತುತೀಯ ಹಾಗಾದ್ರೆ?"

"ಆ ಸಂದಿಯಿಂದ. ಅಲ್ಲಿ ನೆಲ ಕಾಂಕ್ರೀಟು, ಗಟ್ಟಿ ಇದೆ. ಗುಂಡಿಯಿಂದಲೂ ದೂರ ಇದೆ. ಆದರೆ ಇಟ್ಟಿಗೆ."

ಅಡಿಗೆಮನೆಯ ಪಕ್ಕದ ಸಂದಿಯಲ್ಲಿ ಮೇಸ್ತ್ರಿಯ ಇಟ್ಟಿಗೆ ಎದೆಯೆತ್ತರ ಪೇರಿಸಿತ್ತು. ಬಾವ ಹೋಗಿ ಮೇಸ್ತ್ರಿಯೊಂದಿಗೆ ಮಾತಾಡಿದರು. ಕೈ ಕುಣಿಸಿದರು, ಹೆಗಲ ಮೇಲೆ ಕೈ ಹಾಕಿದರು, ಒಂದು ಸಲ ನಕ್ಕರು ಕೂಡ. ಹಿಂದಕ್ಕೆ ಬಂದು ಅಂಗಿಯ ತೋಳು ಮಡಚಿದರು. "ನಡಿ. ಅವನ ಆಳುಗಳು ಊಟಕ್ಕೆ ಹೋಗಿದಾರೆ. ನಾವೇ ಹೊರ್ಬೇಕು."

ಸಾಲು ನಿಂತರು. ಮೇಸ್ತ್ರಿ, ಕೊಕ್ಕೆಯವನು, ಮುಷ್ಟಿ, ಕೊನೆಯಲ್ಲಿ ಬಾವ. ಇಟ್ಟಿಗೆ ಕೈಯಿಂದ ಕೈಗೆ ಹೋಯಿತು. ಸ್ವಲ್ಪ ಹೊತ್ತಿಗೇ ಬಾವನ ಅಂಗಿ ಬೆನ್ನಿಗೆ ಅಂಟಿತು. ಉಸಿರಿಗೆ ಸೀಟಿ ಬಂತು.

"ಕೂತ್ಕೊಳ್ಳಿ ಬಾವ, ನಾವು ಮುಗಿಸ್ತೀವಿ."

"ಸುಮ್ನಿರು. ಎರಡು ಇಂಚು ಇಳಿಸ್ಬೇಕಂತೆ, ನಿಮ್ಮಕ್ಕನ ಆರ್ಡರು."

ಮುಷ್ಟಿಗೆ ಈಗ ನಗು ಬಂತು. ತಡೆಯಲಿಲ್ಲ. ಬಾವ ನಗಲಿಲ್ಲ, ಆದರೆ ಮುಂದಿನ ಇಟ್ಟಿಗೆಯನ್ನು ಅವನ ಕೈಯಿಂದ ಸ್ವಲ್ಪ ಬಿರುಸಾಗಿಯೇ ಕಿತ್ತುಕೊಂಡರು.

ಜಾಗವಾದ ಮೇಲೆ ಲಾರಿಯನ್ನು ಹಿಮ್ಮುಖವಾಗಿ ಸಂದಿಗೆ ತಂದ. ಲಾರಿ ವಾಲದಂತೆ ಹಿಡಿಯುವ ಪಕ್ಕದ ಕಬ್ಬಿಣದ ಕಾಲುಗಳನ್ನು ಚಾಚಿ, ಅಡಿಗೆ ದಪ್ಪ ಮರದ ಹಲಗೆ ಕೊಟ್ಟು ಊರಿದ. ಆಮೇಲೆ ಟೇಪು ತೆಗೆದ. ಅದರ ತುದಿಯನ್ನು ಈ ಸಲ ಕೇಳದೆಯೇ ಬಾವ ಹಿಡಿದುಕೊಂಡರು, ಕೋಣೆಯ ಬಾಯಿಯ ನಟ್ಟನಡುವಿಗೆ ಸರಿಯಾಗಿ. ಕ್ರೇನಿನ ಕಂಬದ ನಡುವಿನಿಂದ ಅಲ್ಲಿಗೆ ಐದು ಮೀಟರು ಎಂಬತ್ತು.

"ಆರರ ಸಾಲು ನೋಡು," ಅಂದರು ಬಾವ.

"ಆರರದ್ದೇ ನೋಡ್ತಿದೀನಿ. ಎರಡು ಎಂಟುನೂರು."

"ನಮ್ಮದು ಸರಪಳಿ ಸೇರಿ?"

"ಎರಡು ಆರುನೂರ ಅರವತ್ತು."

ಅಡಿಗೆಮನೆಯವಳನ್ನು ಹೊರಗೆ ಕಳಿಸಿದರು. ಮುಷ್ಟಿ ಚಪ್ಪಡಿಯನ್ನು ಲಾರಿಯಿಂದ ಒಂದು ಗೇಣು ಎತ್ತಿ ಹಾಗೇ ನಿಲ್ಲಿಸಿದ. ಇಳಿದು ಬಂದು ನಾಲ್ಕೂ ಕಾಲುಗಳ ಸುತ್ತ ನೋಡಿದ. ಹಲಗೆ ಕುಸಿದಿರಲಿಲ್ಲ, ಯಾವ ಕಾಲೂ ನೆಲ ಬಿಟ್ಟಿರಲಿಲ್ಲ. ಮತ್ತೆ ಹಿಡಿಕೆ ಹಿಡಿದ. ಇಂಜಿನ್ನು ಮುಕ್ಕಿರಿಯಿತು. ಈ ಸಲ ಅದಕ್ಕೆ ಕಾರಣ ಗೊತ್ತಿತ್ತು, ಅದಕ್ಕೇ ಅದು ಬರೀ ಸದ್ದಾಗಿ ಕೇಳಿತು. ಚಪ್ಪಡಿ ನಿಧಾನಕ್ಕೆ ಸಂದಿಯಿಂದ ತಿರುಗಿ, ಕೊಕ್ಕೆಯವನ ಹಗ್ಗಕ್ಕೆ ಮಣಿದು, ಮೂಲೆಯ ಮೇಲೆ ಬಂದು ನಿಂತು ಇಳಿಯಿತು. ಹೊಟ್ಟೆ ಒಳಗೆ, ಅಂಚು ಗೋಡೆಗೆ.

ಬಾವ ಅದರ ಮೇಲೆ ಹತ್ತಿ ನಿಂತು ಕಾಲಿನಿಂದ ಎರಡು ಸಲ ಕುಟ್ಟಿದರು. ಕೊಕ್ಕೆಗಳನ್ನು ತಾವೇ ಬಿಡಿಸಿದರು.

ಸಂಜೆ ಯಾರ್ಡಿಗೆ ಲಾರಿ ಬಂದಾಗ ಇದೇ ಅಚ್ಚಿನಿಂದ ಬಿಡಿಸಿದ, ಹೊಟ್ಟೆಯಿರುವ ಇನ್ನೊಂದು ಚಪ್ಪಡಿ ಬಾಗಿಲ ಹತ್ತಿರ ಒದ್ದೆ ಗೋಣಿ ಹೊದ್ದು ಮಲಗಿತ್ತು. ಆಳೊಬ್ಬ ಪೈಪು ಹಿಡಿದು ಕೂಗಿದ. "ಸಾಹುಕಾರ್ರೇ, ಎರಡು ಟನ್ನಿಗೆ ಇನ್ನೊಂದ್ಸಲ ನೀರು ಬಿಡ್ಲಾ?"

"ಅದು ಎರಡು ಟನ್ನಲ್ಲ," ಅಂದರು ಬಾವ. ಗೋಣಿ ಸರಿಸಿ, ಬಣ್ಣದ ಡಬ್ಬಿ ತರಿಸಿ, ಬಗ್ಗಿ, ಅಂಚಿನ ಮೇಲೆ ದಪ್ಪ ಅಂಕಿಯಲ್ಲಿ ಬರೆದರು: 2600 ಕೆಜಿ. ಎದ್ದು, ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಹದಿನೈದು ಕೆಜಿ ಜಾಸ್ತಿ ಬರೆದ್ರಿ," ಅಂದ ಮುಷ್ಟಿ.

"ಇರ್ಲಿ. ಒದ್ದೆ ಇದೆ." ಕುಂಚವನ್ನು ಡಬ್ಬಿಯೊಳಗೆ ಹಾಕಿ, ಅವನ ಕಡೆ ನೋಡದೆಯೇ ಹೇಳಿದರು. "ಮನೆ ಕಡೆಯಿಂದ ಹೋಗು. ನಿನ್ನ ಮಗಳು ಸ್ಕೂಲಿಂದ ನೆಟ್ಟಗೆ ಅಲ್ಲಿಗೇ ಬಂದಿದಾಳೆ. ನಿಮ್ಮಕ್ಕ ಬೆಳಗ್ಗೆಯೇ ಸ್ಕೂಲಿಗೆ ಫೋನು ಮಾಡಿ ಹೇಳಿದ್ದಳಂತೆ."

ಬೆಳಗ್ಗೆ ಅಂದರೆ ಇಟ್ಟಿಗೆ ಹೊರುವುದಕ್ಕೂ ಮುಂಚೆ. ನಾಲ್ಕನೆಯದು ಎಲ್ಲಿಂದ ಏಳುತ್ತದೆ ಅನ್ನುವುದು ಯಾರಿಗೂ ಗೊತ್ತಿಲ್ಲದಾಗ. ಅಕ್ಕ ಯಾವ ಲೆಕ್ಕದ ಮೇಲೆ ಅಷ್ಟು ಧೈರ್ಯ ಮಾಡಿದಳೋ.

"ನೀವೂ ಬನ್ನಿ ಬಾವ, ಗಾಡಿ ಖಾಲಿ ಇದೆ," ಅಂದ.

ಬಾವ ಹಿಂದಿನ ಚಕ್ರದ ಹತ್ತಿರ ನಿಂತು, ಬಗ್ಗಿ, ಆ ಸಂದಿಯಲ್ಲಿ ತಮ್ಮ ಮುಷ್ಟಿ ಇಟ್ಟು ನೋಡಿದರು. ಅದರ ಮೇಲೆ ಇನ್ನೊಂದನ್ನಿಟ್ಟರು. ಕೈ ಒರೆಸಿಕೊಂಡು ಮುಂದಿನ ಬಾಗಿಲ ಕಡೆ ಹೋದರು.